‘ಒಂದ್ಸಲ ನೋಡಿ ಹೇಳಿ’ ಅನ್ನೋದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯೋದು?

ಇಂಗ್ಲಿಷಿನಲ್ಲಿ ಮೇಲ್ ಬರೆಯುವುದನ್ನು ಕಲಿಯಲು ನನ್ನ ಹತ್ತಿರ ಒಬ್ಬರು ಬರುತ್ತಿದ್ದರು. ಅವರು ಒಂದು ಕಂಪನಿಯ ಖರೀದಿ ವಿಭಾಗದಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿದ್ದರು. ಓದಿದ್ದು ಕನ್ನಡ ಮಾಧ್ಯಮದಲ್ಲಿ. ಇಂಗ್ಲಿಷ್ ಬಾರದವರೇನಲ್ಲ, ಕಷ್ಟದ ಕರಾರುಪತ್ರಗಳನ್ನೂ ಓದಿ ಅರ್ಥ ಮಾಡಿಕೊಳ್ಳುತ್ತಿದ್ದರು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿ, ಅವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ.

ಮೊದಲ ದಿನ ಬಂದವರು ಮೊಬೈಲಿನಲ್ಲಿ ಒಂದು ಮೇಲ್ ತೋರಿಸಿದರು. ‘ಮೇಡಂ, ಇದರಲ್ಲಿ ನಾನು ಯಾರಿಗಾದರೂ ಬೈದಿದ್ದೀನಾ ಹೇಳಿ’ ಎಂದರು. ಹೊರದೇಶದ ಒಬ್ಬ ಸರಬರಾಜುದಾರರಿಗೆ ಬರೆದ ಮೂರೇ ಸಾಲಿನ ಮೇಲ್ ಅದು. ಕನ್ನಡ ಅಕ್ಷರದಲ್ಲಿ ಬರೆದರೆ ಹೀಗಿತ್ತು: ‘ಐ ಹ್ಯಾಡ್ ಸೆಂಟ್ ದಿ ಆರ್ಡರ್ ಕಾಪಿ ಯೆಸ್ಟರ್‌ಡೇ ಓನ್ಲಿ. ಐ ಹ್ಯಾವ್ ಒನ್ ಡೌಟ್ ಇನ್ ಯುವರ್ ಇನ್‌ವಾಯ್ಸ್. ಪ್ಲೀಸ್ ಚೆಕ್ ಒನ್ಸ್ ಅಂಡ್ ಟೆಲ್.’

ಆ ಕಡೆಯವರು ಉತ್ತರ ಕೊಡದೆ ಮೇಲನ್ನು ತಮ್ಮ ಮೇಲಿನವರಿಗೆ ಕಳಿಸಿದ್ದರು. ಮೇಲಿನವರು ಇವರ ಮ್ಯಾನೇಜರ್‌ಗೆ ಬರೆದಿದ್ದರು, ನಮ್ಮ ಬಿಲ್ ಬಗ್ಗೆ ನಿಮಗೆ ಅನುಮಾನ ಇದೆಯಂತೆ ಎಂದು. ಅದು ಇತ್ಯರ್ಥ ಆಗೋಕೆ ಮೂರು ದಿನ ಹಿಡಿಯಿತು. ಆಮೇಲೆ ಇವರು ಮೇಲ್ ಬರೆಯುವುದಕ್ಕೇ ಹೆದರತೊಡಗಿದ್ದರು. ಎರಡು ಸಾಲಿನ ಮೇಲ್‌ಗೆ ಅರ್ಧ ಗಂಟೆ ಬೇಕಾಗುತ್ತಿತ್ತು. ‘ಕನ್ನಡದಲ್ಲಿ ಯೋಚನೆ ಮಾಡೋದನ್ನೇ ಬಿಡಬೇಕು ಅಲ್ವಾ ಮೇಡಂ’ ಎಂದು ಕೇಳಿದರು.

ಬೇಡ ಎಂದೆ. ಆರು ವರ್ಷದ ಕೆಲಸದ ತಿಳಿವಳಿಕೆಯೆಲ್ಲ ಅವರ ತಲೆಯಲ್ಲಿ ಕನ್ನಡದಲ್ಲೇ ಇದೆ. ಅದನ್ನು ಬಿಟ್ಟು ಅರ್ಧ ಕಲಿತ ಭಾಷೆಯಲ್ಲಿ ಯೋಚಿಸಲು ಹೋದರೆ ಯೋಚನೆಯೇ ತೆಳ್ಳಗಾಗುತ್ತದೆ. ಯೋಚನೆ ಕನ್ನಡದಲ್ಲೇ ಇರಲಿ, ಅದನ್ನು ಪದಕ್ಕೆ ಪದ ಇಟ್ಟು ದಾಟಿಸುವುದನ್ನು ಮಾತ್ರ ಬಿಡೋಣ ಎಂದು ಒಪ್ಪಿಕೊಂಡೆವು.

ಮೇಲ್ ಬರೆಯುವಾಗ ಮನಸ್ಸಿನಲ್ಲಿ ಇದ್ದ ಮಾತನ್ನು ಕನ್ನಡದಲ್ಲೇ ಹೇಳಿ ಎಂದೆ. ತಡಮಾಡದೆ ಹೇಳಿದರು: ‘ಆರ್ಡರ್ ಕಾಪಿ ನಿನ್ನೆಯೇ ಕಳಿಸಿದ್ದೆ. ನಿಮ್ಮ ಇನ್‌ವಾಯ್ಸ್‌ನಲ್ಲಿ ಒಂದು ಡೌಟ್ ಇದೆ. ಒಂದ್ಸಲ ನೋಡಿ ಹೇಳಿ.’ ಎಷ್ಟು ಮೃದುವಾದ ಮಾತು! ಕನ್ನಡದಲ್ಲಿ ಇದರಿಂದ ಯಾರಿಗೂ ನೋವಾಗುವುದಿಲ್ಲ. ಆ ಮೃದುತನ ದಾರಿಯಲ್ಲಿ ಎಲ್ಲಿ ಕಳೆದುಹೋಯಿತು ಎಂದು ಒಂದೊಂದೇ ಪದ ಹಿಡಿದು ಹುಡುಕಿದೆವು.

‘ನೋಡಿ’, ‘ಹೇಳಿ’ ಎರಡರಲ್ಲೂ ಮರ್ಯಾದೆ ಇರುವುದು ಕೊನೆಯ ‘ಇ’ಕಾರದಲ್ಲಿ. ‘ನೋಡು’ ಅಂದರೆ ಏಕವಚನ, ‘ನೋಡಿ’ ಅಂದರೆ ಬಹುವಚನ. ಅಷ್ಟರಲ್ಲೇ ಗೌರವ ಸಂದುಹೋಗುತ್ತದೆ. ‘ನೋಡಿಕೊಡಿ’ ಎಂದರೆ ಇನ್ನೂ ಒಂದು ಹೆಜ್ಜೆ ಮುಂದೆ, ನನಗಾಗಿ ಮಾಡಿ ಎಂಬ ವಿನಂತಿಯೂ ಸೇರುತ್ತದೆ. ಇಂಗ್ಲಿಷ್ ಕ್ರಿಯಾಪದಕ್ಕೆ ಇಂಥ ಬಾಲ ಇಲ್ಲ. ‘ಚೆಕ್’ ಅಂದರೆ ನೋಡು ಎಂದೂ ಆಯಿತು, ನೋಡಿ ಎಂದೂ ಆಯಿತು. ಮುಂದೆ ‘ಪ್ಲೀಸ್’ ಹಾಕಿದರೂ ಅಪ್ಪಣೆಯ ದನಿ ಪೂರ್ತಿ ಹೋಗುವುದಿಲ್ಲ. ಆ ಭಾಷೆಯಲ್ಲಿ ವಿನಯ ಕಾಣುವುದು ವಾಕ್ಯವನ್ನು ಪ್ರಶ್ನೆ ಮಾಡಿದಾಗ: ‘ಕುಡ್ ಯು ಚೆಕ್?’ ನಮ್ಮ ‘ಇ’ಕಾರ ಮಾಡುವ ಕೆಲಸವನ್ನು ಅಲ್ಲಿ ‘ಕುಡ್ ಯು’ ಮಾಡುತ್ತದೆ. ಇದು ಗೊತ್ತಾದಾಗ ಅವರ ಮುಖದಲ್ಲಿ ಆದ ಬದಲಾವಣೆ ನನಗೆ ನೆನಪಿದೆ. ‘ಹಾಗಾದ್ರೆ ನಾನು ಒರಟು ಅಲ್ಲ’ ಎಂದರು. ಅಲ್ಲವೇ ಅಲ್ಲ.

‘ಒಂದ್ಸಲ’ ಕೂಡ ಹೀಗೆಯೇ. ಒಂದ್ಸಲ ನೋಡಿ ಎಂದಾಗ ನಾವು ಲೆಕ್ಕ ಹೇಳುತ್ತಿಲ್ಲ. ಜಾಸ್ತಿ ತೊಂದರೆ ಬೇಡ, ಸ್ವಲ್ಪ ಕಣ್ಣು ಹಾಯಿಸಿ ಎನ್ನುತ್ತೇವೆ. ‘ಚೆಕ್ ಒನ್ಸ್’ ಎಂದು ಬರೆದರೆ ಹೊರಗಿನವರು ಎಣಿಕೆಯಾಗಿ ಓದುತ್ತಾರೆ, ಎರಡು ಸಲ ಬೇಡ, ಒಂದೇ ಸಲ ಎಂದು. ಅಲ್ಲಿ ‘ಟೇಕ್ ಎ ಕ್ವಿಕ್ ಲುಕ್’ ಎಂಬ ಮಾತಿದೆ. ‘ಕುಡ್ ಯು’ ಇದ್ದರೆ ಎಷ್ಟೋ ಕಡೆ ಅದೂ ಬೇಡ, ಸುಮ್ನೆ ಬಿಟ್ಟುಬಿಡಬಹುದು.

‘ನಿನ್ನೆಯೇ’ ಎಂಬುದರ ‘ಏ’ಕಾರಕ್ಕೆ ಅವರು ‘ಓನ್ಲಿ’ ಹಾಕಿದ್ದರು. ‘ಯೆಸ್ಟರ್‌ಡೇ ಓನ್ಲಿ’ ಎಂದರೆ ನಿನ್ನೆ ಮಾತ್ರ, ಬೇರೆ ದಿನ ಅಲ್ಲ ಎಂದಾಗುತ್ತದೆ. ಅವರು ಹೇಳಬೇಕಾಗಿದ್ದದ್ದು ತಡ ಮಾಡಿಲ್ಲ ಎಂದು. ಹಾಗಿದ್ದರೆ ‘ಐ ಸೆಂಟ್ ಇಟ್ ಯೆಸ್ಟರ್‌ಡೇ’ ಸಾಕು. ‘ಹ್ಯಾಡ್ ಸೆಂಟ್’ ಬಂದದ್ದು ‘ಕಳಿಸಿದ್ದೆ’ ಎಂಬುದರಿಂದ. ಕನ್ನಡದಲ್ಲಿ ‘ಕಳಿಸಿದೆ’ ಮತ್ತು ‘ಕಳಿಸಿದ್ದೆ’ ಎರಡನ್ನೂ ಸಲೀಸಾಗಿ ಹೇಳುತ್ತೇವೆ. ಇಂಗ್ಲಿಷಿನಲ್ಲಿ ‘ಹ್ಯಾಡ್’ ಕಂಡರೆ ಓದುವವರು ಇನ್ನೊಂದು ಘಟನೆಗೆ ಕಾಯುತ್ತಾರೆ. ಕಳಿಸಿದ್ದೆ, ಅಷ್ಟರಲ್ಲಿ ಏನಾಯಿತು? ಅಂಥ ಎರಡನೇ ಘಟನೆ ಇಲ್ಲದಿದ್ದರೆ ‘ಹ್ಯಾಡ್’ ಬೇಡ.

ನಿಜವಾದ ಪೆಟ್ಟು ಕೊಟ್ಟದ್ದು ‘ಡೌಟ್’. ಇದು ಇಂಗ್ಲಿಷಿನಿಂದ ಬಂದ ಪದವೇ ಆದರೂ ಕನ್ನಡದಲ್ಲಿ ನೆಲೆಸಿದ ಮೇಲೆ ಅರ್ಥ ಸ್ವಲ್ಪ ಸರಿದಿದೆ. ನಮಗೆ ಡೌಟ್ ಅಂದರೆ ತಿಳಿಯದ ವಿಷಯ, ಕೇಳಬೇಕಾದ ಪ್ರಶ್ನೆ. ತರಗತಿಯಲ್ಲಿ ಡೌಟ್ ಇದ್ರೆ ಕೇಳಿ ಅಂತಾರಲ್ಲ, ಅದು. ಹೊರಗಿನ ಓದುಗರಿಗೆ ಮುಖ್ಯವಾಗಿ ತೋಚುವುದು ನಂಬಿಕೆ ಇಲ್ಲ ಎಂಬ ಅರ್ಥ. ಬಿಲ್‌ನ ಮೇಲೆ ನಂಬಿಕೆ ಇಲ್ಲ ಎಂದು ಗ್ರಾಹಕರೇ ಬರೆದರೆ ಯಾವ ಕಂಪನಿಯೂ ಸುಮ್ಮನಿರುವುದಿಲ್ಲ. ಇಂಥ ಪದಗಳು ಅಪ್ಪಟ ಕನ್ನಡ ಪದಗಳಿಗಿಂತ ಹೆಚ್ಚು ಅಪಾಯ ಎಂದು ನನಗೆ ಅನ್ನಿಸುತ್ತದೆ. ಕನ್ನಡ ಪದವಾದರೆ ಅನುವಾದ ಮಾಡಬೇಕು ಎಂಬ ಎಚ್ಚರ ಇರುತ್ತದೆ. ಇವು ಇಂಗ್ಲಿಷ್ ವೇಷದಲ್ಲಿರುವುದರಿಂದ ತಪಾಸಣೆ ಇಲ್ಲದೆ ದಾಟಿಬಿಡುತ್ತವೆ.

ಇಷ್ಟು ನೋಡಿದ ಮೇಲೆ ನಾನು ಕೊಟ್ಟ ಸಲಹೆ ಇದು. ಕನ್ನಡದಿಂದ ನೇರವಾಗಿ ಇಂಗ್ಲಿಷಿಗೆ ಹಾರಬೇಡಿ. ನಡುವೆ ಇನ್ನೊಂದು ಕನ್ನಡ ಬರೆಯಿರಿ. ಅದು ಚೆಂದ ಇರಬೇಕಾಗಿಲ್ಲ, ಬರೀ ಎಲುಬು ಸಾಕು. ಯಾರು, ಏನು ಮಾಡಬೇಕು, ಯಾವಾಗಿನೊಳಗೆ, ಯಾಕೆ. ‘ಏ’, ‘ಒಂದ್ಸಲ’, ‘ಸ್ವಲ್ಪ’, ‘ಕೊಡಿ’ ಎಲ್ಲವನ್ನೂ ತೆಗೆದು ಪಕ್ಕಕ್ಕಿಡಿ.

ಅದೇ ಮೇಲ್‌ಗೆ ನಡುವಿನ ಕನ್ನಡ ಬರೆಯಲು ಕೂತರು. ‘ಇನ್‌ವಾಯ್ಸ್‌ನಲ್ಲಿ ಡೌಟ್’ ಎಂದು ಬರೆದು ನಿಲ್ಲಿಸಿದರು. ಯಾವ ಡೌಟ್ ಎಂದು ಕೇಳಿದೆ. ಸಾಗಣೆ ಖರ್ಚು ಎರಡು ಸಾಲಿನಲ್ಲಿ ಬಂದಿತ್ತಂತೆ. ಎರಡು ಬೇರೆ ಬೇರೆ ಖರ್ಚೋ, ಒಂದನ್ನೇ ಎರಡು ಸಲ ಹಾಕಿದ್ದಾರೋ ಗೊತ್ತಾಗಲಿಲ್ಲವಂತೆ. ನೋಡಿ, ಮುಖ್ಯವಾದ ವಿಷಯ ಮೇಲ್‌ನಲ್ಲಿ ಇರಲೇ ಇಲ್ಲ! ಎದುರಿಗೆ ಕೂತವರಾದರೆ ಏನು ಡೌಟ್ ಎಂದು ತಾವೇ ಕೇಳುತ್ತಾರೆ. ಮೇಲ್‌ನಲ್ಲಿ ಆ ಮರುಪ್ರಶ್ನೆ ಬರುವಷ್ಟರಲ್ಲಿ ಒಂದು ದಿನ ಹೋಗಿರುತ್ತದೆ.

ಕೊನೆಗೆ ಅವರ ಹಾಳೆಯಲ್ಲಿ ಇದ್ದದ್ದು: ‘ಇನ್‌ವಾಯ್ಸ್ ಬಗ್ಗೆ ಪ್ರಶ್ನೆ. ಸಾಗಣೆ ಖರ್ಚು ಎರಡು ಸಾಲಿನಲ್ಲಿದೆ. ಎರಡೂ ಕೊಡಬೇಕೋ ಎಂದು ನೀವು ಗುರುವಾರದೊಳಗೆ ತಿಳಿಸಬೇಕು. ಆರ್ಡರ್ ಕಾಪಿ ನಾನು ನಿನ್ನೆ ಕಳಿಸಿದೆ.’ ಇದರಿಂದ ಇಂಗ್ಲಿಷ್ ಸಲೀಸಾಗಿ ಬಂತು: ‘ಐ ಹ್ಯಾವ್ ಎ ಕ್ವೆಶ್ಚನ್ ಅಬೌಟ್ ದಿ ಇನ್‌ವಾಯ್ಸ್. ಫ್ರೈಟ್ ಅಪಿಯರ್ಸ್ ಆನ್ ಟೂ ಲೈನ್ಸ್. ಕುಡ್ ಯು ಕನ್‌ಫರ್ಮ್ ಬೈ ಥರ್ಸ್‌ಡೇ ವೆದರ್ ಬೋತ್ ಚಾರ್ಜಸ್ ಅಪ್ಲೈ? ಐ ಸೆಂಟ್ ದಿ ಆರ್ಡರ್ ಕಾಪಿ ಯೆಸ್ಟರ್‌ಡೇ.’ ಪಕ್ಕಕ್ಕಿಟ್ಟ ಮರ್ಯಾದೆಯೆಲ್ಲ ‘ಕುಡ್ ಯು’ದಲ್ಲಿ ಮತ್ತೆ ಬಂದು ಕೂತಿದೆ.

ಕಳಿಸುವ ಮೊದಲು ಒಂದು ಪರೀಕ್ಷೆಯನ್ನೂ ಹೇಳಿಕೊಟ್ಟೆ. ಬರೆದ ಇಂಗ್ಲಿಷನ್ನು ನಿಮ್ಮ ಪರಿಚಯವೇ ಇಲ್ಲದವರು ಓದುವ ಹಾಗೆ ಓದಿ, ಮತ್ತೆ ಕನ್ನಡಕ್ಕೆ ತನ್ನಿ. ನೀವು ಅಂದುಕೊಂಡದ್ದನ್ನು ಮರೆತು, ಹಾಳೆಯ ಮೇಲೆ ಇರುವುದನ್ನಷ್ಟೇ. ಹಳೆಯ ಮೇಲನ್ನು ಹೀಗೆ ತಂದಾಗ ‘ನಿಮ್ಮ ಬಿಲ್ ಮೇಲೆ ನನಗೆ ಅನುಮಾನ ಇದೆ. ಒಂದು ಸಲ ಪರೀಕ್ಷಿಸಿ ಹೇಳು’ ಎಂದಾಯಿತು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಆ ಕಡೆಯವರಿಗೆ ಯಾಕೆ ಬೇಜಾರಾಯಿತು ಎಂದು ಈಗ ತಿಳಿಯಿತು ಎಂದರು.

ಎರಡನೇ ವಾರ ಬೇರೆ ತೊಂದರೆ. ವಿನಯ ಅತಿಯಾಗಿತ್ತು. ಪ್ರತಿ ಸಾಲಿನಲ್ಲೂ ‘ಸಾರಿ’, ‘ಕೈಂಡ್ಲಿ’, ‘ಇಫ್ ಯು ಡೋಂಟ್ ಮೈಂಡ್’. ಪೆಟ್ಟು ತಿಂದವರು ಹೀಗೆ ಮಾಡುವುದನ್ನು ತುಂಬ ನೋಡಿದ್ದೇನೆ. ಕೋರಿಕೆ ಎಲ್ಲಿದೆ ಎಂದೇ ಓದುವವರಿಗೆ ಸಿಗುವುದಿಲ್ಲ. ಒಂದು ಕೋರಿಕೆಗೆ ಒಂದು ‘ಕುಡ್ ಯು’, ಕೊನೆಗೆ ಒಂದು ‘ಥ್ಯಾಂಕ್ಸ್’. ತಪ್ಪು ಮಾಡದೆ ‘ಸಾರಿ’ ಬೇಡ.

ಇಲ್ಲಿ ಒಂದು ಮಾತು ಸೇರಿಸಬೇಕು. ಅವರ ಪಕ್ಕದ ಮೇಜಿನವರಿಗೆ ‘ಒಂದು ಡೌಟ್ ಇದೆ’ ಎಂದು ಬರೆದರೆ ಏನೂ ಆಗುವುದಿಲ್ಲ. ಅಲ್ಲಿ ಇಬ್ಬರಿಗೂ ಆ ಪದ ಒಂದೇ ಅರ್ಥ. ‘ಡೂ ದಿ ನೀಡ್‌ಫುಲ್’ ಕೂಡ ನಮ್ಮ ಕಚೇರಿಗಳಲ್ಲಿ ಎಲ್ಲರಿಗೂ ತಿಳಿಯುತ್ತದೆ. ಅದನ್ನೆಲ್ಲ ತಪ್ಪು ಎಂದು ಸಹೋದ್ಯೋಗಿಗಳನ್ನು ತಿದ್ದಲು ಹೋಗಬೇಡಿ ಎಂದೆ. ಈ ಶ್ರಮ ಬೇಕಿರುವುದು ಕನ್ನಡದ ಹಿನ್ನೆಲೆ ಇಲ್ಲದ ಓದುಗರಿಗೆ ಬರೆಯುವಾಗ.

ಮೀಟಿಂಗ್‌ಗಳಲ್ಲಿ ಈ ಉಪಾಯ ಅಷ್ಟಾಗಿ ನಡೆಯಲಿಲ್ಲ. ನಡುವಿನ ಕನ್ನಡಕ್ಕೆ ಅಲ್ಲಿ ಸಮಯ ಇಲ್ಲ. ಅದಕ್ಕೆ ದಿನಾ ಬೇಕಾಗುವ ನಾಲ್ಕೈದು ವಾಕ್ಯಗಳನ್ನು ಇಡಿಯಾಗಿ ಬಾಯಿಪಾಠ ಮಾಡಿಕೊಂಡರು. ಉಳಿದ ಮಾತು ಇನ್ನೂ ತಡವರಿಸುತ್ತದೆ.

ಆರನೇ ವಾರ ಅವರು ತಂದ ಮೇಲ್ ಕೆಲಸ ತಡವಾದದ್ದರ ಬಗ್ಗೆ. ಕನ್ನಡದಲ್ಲಿ ‘ಶುಕ್ರವಾರ ಆಗಲಿಲ್ಲ’ ಎಂದು ಬರೆದುಕೊಂಡಿದ್ದರು. ಇಂಗ್ಲಿಷಿನಲ್ಲಿ ಬಂದದ್ದು ‘ದಿ ವರ್ಕ್ ವಾಸ್ ನಾಟ್ ಹ್ಯಾಪನ್ಡ್’. ವ್ಯಾಕರಣ ತಿದ್ದುವುದು ಸುಲಭ. ಆದರೆ ‘ಆಗಲಿಲ್ಲ’ ಎಂಬಲ್ಲಿ ಮಾಡಬೇಕಾದವರೇ ಇಲ್ಲ. ಕನ್ನಡದಲ್ಲಿ ಅದು ಸಹಜ, ಯಾರೂ ತಪ್ಪಿಸಿಕೊಂಡರು ಎಂದು ಅಂದುಕೊಳ್ಳುವುದಿಲ್ಲ. ವ್ಯವಹಾರದ ಇಂಗ್ಲಿಷಿನಲ್ಲಿ ಓದುವವರು ಮೊದಲು ಹುಡುಕುವುದೇ ಆ ಮನುಷ್ಯನನ್ನು. ಯಾರಿಂದ ಆಗಲಿಲ್ಲ ಎಂದು ಕೇಳಿದೆ. ‘ನನ್ನಿಂದಲೇ’ ಎಂದರು. ಅದನ್ನೇ ನಡುವಿನ ಕನ್ನಡದಲ್ಲಿ ಬರೆಯಿರಿ, ಯಾವಾಗ ಆಗುತ್ತದೆ ಅನ್ನುವುದನ್ನೂ ಸೇರಿಸಿ ಎಂದೆ.

ಪೆನ್ನು ಹಿಡಿದು ಸ್ವಲ್ಪ ಯೋಚಿಸಿದರು. ನಂತರ ನನ್ನನ್ನು ಕೇಳದೆ ಇಂಗ್ಲಿಷನ್ನೂ ಬರೆದರು: ‘ಐ ಕುಡಂಟ್ ಫಿನಿಷ್ ದಿಸ್ ಬೈ ಫ್ರೈಡೇ. ಯು ವಿಲ್ ಹ್ಯಾವ್ ಇಟ್ ಬೈ ಮಂಡೇ ನೂನ್.’ ನಾನು ಒಂದಕ್ಷರವನ್ನೂ ತಿದ್ದಲಿಲ್ಲ. ಅಲ್ಲೇ ಕೂತು ಕಳಿಸಿದರು.