ಏಳನೇ ನಿಮಿಷಕ್ಕೆ ಬಂದ ಸೌದೆ

ಪ್ರಶ್ನೆ: ಏನೋ ಬರೆಯಬೇಕು ಅಂತ ತುಂಬಾ ಅನ್ನಿಸುತ್ತದೆ. ಏನು ಅಂತ ಕೇಳಿದರೆ ‘ನಮ್ಮೂರಿನ ಬಗ್ಗೆ’ ಅನ್ನುತ್ತೇನೆ, ಅಷ್ಟೇ. ಹತ್ತು ನಿಮಿಷ ಟೈಮರ್ ಇಟ್ಟು ಕೈ ನಿಲ್ಲಿಸದೆ ಬರಿ ಅಂತ ಗೆಳತಿ ಹೇಳಿದಳು. ಬರೆದೆ, ಬರೀ ಕಸ ಬಂತು. ಇದರಲ್ಲಿ ವಿಷಯ ಸಿಗುವುದು ಹೇಗೆ?
— ಓದುಗರೊಬ್ಬರು, ಹಾಸನ

ಉತ್ತರ: ಕಸ ಬಂದದ್ದು ಸರಿಯಾಗಿಯೇ ಇದೆ. ನೀವು ಒಂದೇ ಸುತ್ತಿಗೆ ಎದ್ದುಬಿಟ್ಟಿರಿ, ಎಡವಿದ್ದು ಅಲ್ಲಿ. 1973ರಲ್ಲಿ ಅಮೆರಿಕದ ಬರವಣಿಗೆ ಮೇಷ್ಟ್ರು ಪೀಟರ್ ಎಲ್ಬೋ ಈ ಅಭ್ಯಾಸವನ್ನು ಪುಸ್ತಕದಲ್ಲಿ ವಿವರಿಸಿದಾಗಲೂ ಬರೆದು ಮುಗಿಸಿ ಅಂತಷ್ಟೇ ಹೇಳಲಿಲ್ಲ. ಬರೆದದ್ದರ ಭಾರ ಎಲ್ಲಿ ಕೂತಿದೆ ನೋಡಿ, ಅಲ್ಲಿಂದ ಮತ್ತೆ ಶುರು ಮಾಡಿ ಅಂದರು. ಜನ ಈ ಎರಡನೇ ಭಾಗವನ್ನೇ ಬಿಟ್ಟುಬಿಡುತ್ತಾರೆ.

ನಮ್ಮ ಬರವಣಿಗೆ ಗುಂಪಿನಲ್ಲಿ ಒಬ್ಬರಿದ್ದರು, ತೀರ್ಥಹಳ್ಳಿ ಕಡೆಯವರು. ಅವರಿಗೆ ‘ಮಲೆನಾಡಿನ ಮಳೆ’ ಬಗ್ಗೆ ಬರೆಯಬೇಕಿತ್ತು. ಮೊದಲ ಹತ್ತು ನಿಮಿಷದಲ್ಲಿ ಬಂದದ್ದು ನೀವೂ ಊಹಿಸಬಹುದು: ಕಂಬಳಿಕೊಪ್ಪೆ, ಹಲಸಿನ ಹಪ್ಪಳ, ಹಂಚಿನ ಮೇಲೆ ಮಳೆಯ ಸದ್ದು. ಎಲ್ಲ ಚೆನ್ನಾಗಿತ್ತು, ಯಾವುದೂ ಅವರದ್ದಾಗಿರಲಿಲ್ಲ. ಏಳನೇ ನಿಮಿಷದ ಹೊತ್ತಿಗೆ ಹೇಳಲು ಏನೂ ಉಳಿಯದೆ ‘ಮಳೆ ಮಳೆ ಮಳೆ’ ಅಂತ ಮೂರು ಸಲ ಬರೆದರು. ಅದರ ಹಿಂದೆಯೇ ಈ ಸಾಲು ಬಂತು: ‘ಅಪ್ಪ ಸೌದೆ ಹೊರೆ ಎಣಿಸ್ತಿದ್ರು. ಇರಲಿ ಬಿಡಿ, ಅದು ಬೇರೆ ವಿಷಯ.’ ಮತ್ತೆ ಹಪ್ಪಳಕ್ಕೆ ವಾಪಸ್.

ಆ ಸಾಲನ್ನು ಹೇಗೆ ಗುರುತಿಸಿದೆವು ಗೊತ್ತಾ? ಅಲ್ಲಿವರೆಗೆ ‘ಸುರಿಯುತ್ತಿತ್ತು’, ‘ಕುಳಿತಿರುತ್ತಿದ್ದೆವು’ ಅಂತ ಪುಸ್ತಕದ ಕನ್ನಡ ಇತ್ತು. ಅಲ್ಲಿ ಮಾತ್ರ ‘ಎಣಿಸ್ತಿದ್ರು’ ಅಂತ ಮನೆಮಾತು ನುಗ್ಗಿತ್ತು. ಕನ್ನಡದಲ್ಲಿ ಬರೆಯುವವರಿಗೆ ಇದು ದೊಡ್ಡ ಅನುಕೂಲ. ಬರಹದ ಭಾಷೆ ಬೇರೆ, ಬಾಯಿಮಾತು ಬೇರೆ ಇರುವುದರಿಂದ, ಎಲ್ಲಿ ಜಾಗ್ರತೆ ತಪ್ಪಿತು ಅಂತ ಕ್ರಿಯಾಪದವೇ ಹೇಳಿಬಿಡುತ್ತದೆ. ಇನ್ನೊಂದು ಸುಳಿವು ‘ಇರಲಿ ಬಿಡಿ’. ಯಾರೂ ಕೇಳದೇ ಇದ್ದಾಗ ನಾವೇ ಮಾತು ತಿರುಗಿಸಿದರೆ ಅಲ್ಲೇನೋ ಇದೆ ಅಂತಲೇ ಅಲ್ವಾ?

ಐದು ನಿಮಿಷ ಬಿಟ್ಟು, ಆ ಸಾಲನ್ನೇ ಹೊಸ ಹಾಳೆಯ ತಲೆಯ ಮೇಲೆ ಬರೆದು ಎರಡನೇ ಸುತ್ತು ಕೂತರು. ಮಳೆಗಾಲಕ್ಕೆ ಒಟ್ಟಿದ ಸೌದೆಯಲ್ಲಿ ಎರಡು ಹೊರೆ ಕಡಿಮೆ ಬಂದಿತ್ತಂತೆ. ಅಮ್ಮ ಪಕ್ಕದ ಮನೆಯ ಬಾಣಂತಿಗೆ ನೀರು ಕಾಯಿಸಲು ಗುಟ್ಟಾಗಿ ಕೊಟ್ಟಿದ್ದರು. ಇಷ್ಟು ಬರುವಷ್ಟರಲ್ಲಿ ಟೈಮರ್ ಹೊಡೆಯಿತು. ಈ ಹಾಳೆಯಲ್ಲಿ ಗೆರೆ ಎಳೆದ ಸಾಲು ‘ಅಪ್ಪ ನನ್ನನ್ನು ಕೇಳಿದ್ರು’. ಮೂರನೇ ಸುತ್ತಿನ ಎರಡನೇ ವಾಕ್ಯವೇ ‘ನಾನು ಹೇಳಿಬಿಟ್ಟೆ’. ಆಮೇಲೆ ಎಷ್ಟೋ ದಿನ ಅಮ್ಮ ಮಗಳ ಕೈಗೆ ಬೆಲ್ಲದ ಡಬ್ಬಿ ಕೊಡಲಿಲ್ಲ. ಬರೆಯಬೇಕಾಗಿದ್ದದ್ದು ಮಳೆಯ ಬಗ್ಗೆ ಅಲ್ಲ, ಚಾಡಿ ಹೇಳಿದ ಎಂಟು ವರ್ಷದ ಹುಡುಗಿಯ ಬಗ್ಗೆ.

ನೀವು ಪೆನ್ನು ಹಿಡಿದೇ ಮಾಡಿ. ಫೋನಿನಲ್ಲಿ ಟೈಪ್ ಮಾಡಿದರೆ ಕೀಬೋರ್ಡ್ ಮೇಲೆ ಪದಗಳನ್ನು ಸೂಚಿಸುತ್ತಾ ಹೋಗುತ್ತದೆ, ಅದನ್ನು ಆರಿಸುವ ಸಡಗರದಲ್ಲಿ ಮನೆಮಾತು ಜಾರಿಹೋಗುತ್ತದೆ. ಒತ್ತಕ್ಷರ ತಪ್ಪಿದರೂ ತಿದ್ದಬೇಡಿ. ಏನೂ ತೋಚದಿದ್ದರೆ ಕೊನೆಯ ಪದವನ್ನೇ ಸುಮ್ನೆ ಬರೆಯುತ್ತಾ ಹೋಗಿ, ಕೈ ಮಾತ್ರ ನಿಲ್ಲಬಾರದು. ತೋಚದೇ ಇರುವ ಆ ಹೊತ್ತು ಬೇಕೇಬೇಕು, ಯಾಕೆಂದರೆ ಬಾಯಿಪಾಠ ಆದದ್ದೆಲ್ಲ ಮೊದಲು ಖಾಲಿಯಾಗಬೇಕು. ಸಾಲು ಆರಿಸುವಾಗ ಅತಿ ಸುಂದರವಾದದ್ದಕ್ಕೆ ಮರುಳಾಗಬೇಡಿ. ನಾನೇ ಎಷ್ಟೋ ಸಲ ಹಾಗೆ ಮಾಡಿ, ಎರಡನೇ ಸುತ್ತಿನಲ್ಲಿ ಬರೀ ಉಪಮೆಗಳನ್ನು ಪೋಣಿಸಿದ್ದೇನೆ. ಮುಂದೇನಾಯಿತು ಅಂತ ನಿಮಗೇ ಕೇಳಬೇಕು ಅನ್ನಿಸುವ ಸಾಲು ಹಿಡಿಯಿರಿ, ಅದು ಪೆದ್ದಾಗಿದ್ದರೂ ಪರವಾಗಿಲ್ಲ.

ಮೂರು ಸುತ್ತಾದರೂ ನಿನ್ನೆಯ ಜಗಳ, ನಾಳೆಯ ತಿಂಡಿ ಇವೇ ಬರುತ್ತಿದ್ದರೆ ಅವತ್ತಿಗೆ ಸಾಕು. ಬೇರೆ ದಿನ ಕೂತಾಗ ‘ನಮ್ಮೂರು’ ಅಂತ ಶುರು ಮಾಡಬೇಡಿ. ಊರಿನ ಒಂದು ವಸ್ತು ಹಿಡಿಯಿರಿ: ಬಾಗಿಲ ಅಗಳಿ, ಬಾವಿಯ ರಾಟೆ, ಏನಾದರೂ. ತುಂಬಾ ನೋವಿನ ಸಂಗತಿ ಎದ್ದು ಕೈ ನಡುಗಿದರೆ ಟೈಮರ್ ಇನ್ನೂ ಓಡುತ್ತಿದ್ದರೂ ಪೆನ್ನು ಕೆಳಗಿಡಿ.

ನೀವು ಬರೆದ ಆ ಕಸದ ಹಾಳೆ ಇನ್ನೂ ಇದೆ ತಾನೇ? ಇವತ್ತು ರಾತ್ರಿ ಅದನ್ನು ಒಮ್ಮೆ ಗಟ್ಟಿಯಾಗಿ ಓದಿ. ಎಲ್ಲಿ ಪುಸ್ತಕದ ಕನ್ನಡ ಬಿಟ್ಟು ಹಾಸನದ ಮಾತು ಬಂದಿದೆಯೋ ಅಲ್ಲೊಂದು ಗೆರೆ ಎಳೆಯಿರಿ.