ಇನ್‌ವಾಯ್ಸಲ್ಲಿ ಜಿಎಸ್‌ಟಿ ನಂಬರ್ ಬರದಿದ್ದರೆ

"ಆಫೀಸಿಗೆ ಆನ್‌ಲೈನಲ್ಲಿ ಪ್ರಿಂಟರ್ ತಗೊಂಡೆ. ಇನ್‌ವಾಯ್ಸಲ್ಲಿ ನನ್ನ ಜಿಎಸ್‌ಟಿ ನಂಬರ್ ಇಲ್ಲ, ಆಡಿಟರ್ ಒಪ್ತಿಲ್ಲ. ಏನ್ ಮಾಡ್ಲಿ?"

ಬಹುಶಃ ಆರ್ಡರ್ ಮಾಡುವಾಗ ಜಿಎಸ್‌ಟಿ ನಂಬರ್ ಹಾಕಿಲ್ಲ, ಹಾಗಾಗಿ ಸಾಮಾನ್ಯ ಗ್ರಾಹಕರ ಬಿಲ್ ಬಂದಿದೆ. ವಾಪಸ್ ಕೊಡುವ ಅವಧಿ ಇನ್ನೂ ಇದ್ದರೆ ವಾಪಸ್ ಮಾಡಿ, ನಂಬರ್ ಹಾಕಿ ಮತ್ತೆ ಆರ್ಡರ್ ಮಾಡುವುದೇ ಸುಲಭ. ಅವಧಿ ಮುಗಿದಿದ್ದರೆ ಬಿಲ್ಲಿನ ಮೇಲೆ ಮಾರಿದವರು ಯಾರು ಅಂತ ನೋಡಿ, ಯಾಕೆಂದರೆ ಬಿಲ್ ಕೊಡುವುದು ಅವರು, ಆ್ಯಪಿನವರಲ್ಲ. ನಿಮ್ಮ ನಂಬರ್, ವ್ಯವಹಾರದ ಹೆಸರು, ವಿಳಾಸ ಕೊಟ್ಟು ತಿದ್ದಿದ ಇನ್‌ವಾಯ್ಸ್ ಕೇಳಿ. ಅವರು ಒಪ್ಪಲೇಬೇಕು ಅಂತೇನಿಲ್ಲ. ಬರೀ ಪಿಡಿಎಫ್ ತಿದ್ದಿ ಕಳಿಸಿದರೆ ಸಾಲದು, ಅವರ ಜಿಎಸ್‌ಟಿ ರಿಟರ್ನಲ್ಲೂ ತಿದ್ದಬೇಕು. ಅದು ಜಿಎಸ್‌ಟಿ ಪೋರ್ಟಲಲ್ಲಿ ನಿಮ್ಮ ಖರೀದಿಗಳನ್ನು ತೋರಿಸುವ GSTR-2B ಪಟ್ಟಿಯಲ್ಲಿ ಕಾಣಿಸಿದ ಮೇಲೆ ಕೊಟ್ಟ ತೆರಿಗೆಯ ಕ್ರೆಡಿಟ್ ತಗೊಳ್ಳಿ. ಸಿಗದಿದ್ದರೆ ತೆರಿಗೆ ಸೇರಿಸಿ ಪೂರ್ತಿ ಮೊತ್ತವನ್ನು ವ್ಯವಹಾರದ ಖರ್ಚಾಗಿ ತೋರಿಸಬಹುದಾ ಅಂತ ಆಡಿಟರ್ ಹತ್ರ ಕೇಳಿ. ವಾರಂಟಿಗೆ ಈಗಿರುವ ಬಿಲ್ಲೇ ಸಾಕು, ಸುಮ್ನೆ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.