ಯಾವ ಕೈಯ ಬಿಪಿ?

ಮಾನ್ಯ ಸಂಪಾದಕರೇ,

24 ವರ್ಷದ ನನ್ನ ತಂಗಿಗೆ ದೊಡ್ಡ ರಕ್ತನಾಳಗಳನ್ನು ಕಿರಿದಾಗಿಸುವ ಟಕಯಾಸು ಕಾಯಿಲೆ ಇದೆಯೆಂದು ಈಚೆಗೆ ಸಿ.ಟಿ. ಆಂಜಿಯೋಗ್ರಾಮ್ ಮಾಡಿಸಿದಾಗ ತಿಳಿಯಿತು. ಅವಳ ಎಡಗೈಯಲ್ಲಿ ನಾಡಿಯೇ ಸಿಗುವುದಿಲ್ಲ, ಬಲಗೈಯದು ಕ್ಷೀಣ. ಎರಡು ವರ್ಷದಿಂದ ಸುಸ್ತು, ಕೈಸೋಲು ಎನ್ನುತ್ತಿದ್ದಳು. ಮೊದಲೇ ಸ್ಕ್ಯಾನ್ ಮಾಡಿದ್ದರೆ ಇಷ್ಟು ತಡವಾಗುತ್ತಿರಲಿಲ್ಲ. ಹೀಗಿರುವಾಗ ನಾಡಿ ಹಿಡಿದು ನೋಡುವ ವೈದ್ಯರನ್ನು ನೀವು ಪದೇ ಪದೇ ಹೊಗಳುವುದು ಹಳೆಯ ಕಾಲದ ವ್ಯಾಮೋಹವಲ್ಲವೇ? ಇಂಥ ಹುಡುಗಿಯರಿಗೆಲ್ಲ ನೇರವಾಗಿ ಸ್ಕ್ಯಾನ್ ಮಾಡಿಸಬಾರದೇಕೆ? ಸದ್ಯ ಮನೆಯಲ್ಲೇ ಯಂತ್ರವಿಟ್ಟುಕೊಂಡು ದಿನವೂ ಅವಳ ಬಲಗೈಯ ಬಿಪಿ ನೋಡುತ್ತಿದ್ದೇವೆ. 116ರ ಆಸುಪಾಸಿನಲ್ಲಿದೆ, ಅದೊಂದು ಸಮಾಧಾನ.

— ಹೆಸರು ಬೇಡವೆಂದ ಓದುಗರು

ಸಂಪಾದಕರ ಉತ್ತರ

ಸಹೋದರಿ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅದನ್ನು ಯಾರ ಮೇಲೆ ಹರಿಸುತ್ತಿದ್ದೀರಿ ಎಂಬುದರಲ್ಲಷ್ಟೇ ನನ್ನ ತಕರಾರು. ಇಷ್ಟು ಒಪ್ಪವಾಗಿ, ಒಂದು ವಿವರವನ್ನೂ ಬಿಡದೆ ಬರೆದ ಪತ್ರ ನಮ್ಮ ಮೇಜಿಗೆ ಬರುವುದು ಅಪರೂಪ. ಅದರ ಕೊನೆಯ ಸಾಲನ್ನು ಓದಿದ ಮೇಲಂತೂ ಉತ್ತರವನ್ನು ಮುಂದಿನ ಸಂಚಿಕೆಗೆ ತಳ್ಳುವ ಮನಸ್ಸಾಗಲಿಲ್ಲ. ಆ ಸಾಲಿಗೆ ಆಮೇಲೆ ಬರುತ್ತೇನೆ.

ಸ್ಕ್ಯಾನಿಗೆ ಸಲ್ಲಬೇಕಾದ ಮರ್ಯಾದೆಯನ್ನು ಮೊದಲೇ ಸಲ್ಲಿಸಿಬಿಡುತ್ತೇನೆ. ಮಹಾಧಮನಿಯ ಯಾವ ಕವಲು ಎಲ್ಲಿ ಕಿರಿದಾಗಿದೆ, ಎಲ್ಲಿ ಮುಚ್ಚಿದೆ, ಎಲ್ಲಿ ಉಬ್ಬಿದೆ ಎಂಬ ನಕ್ಷೆಯನ್ನು ಸಿ.ಟಿ. ಅಥವಾ ಎಂ.ಆರ್. ಆಂಜಿಯೋಗ್ರಾಮ್ ಬಿಟ್ಟು ಬೇರೇನೂ ಅಷ್ಟು ಪೂರ್ತಿಯಾಗಿ ಕೊಡುವುದಿಲ್ಲ. ಆ ನಕ್ಷೆಯಿಲ್ಲದೆ ಚಿಕಿತ್ಸೆಗೆ ಕೈಹಾಕುವಂತೆಯೂ ಇಲ್ಲ. ಆದರೆ ಇದು ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಹೊಸದಾಗಿ ಕಾಣಿಸಿಕೊಳ್ಳುವ ಕಾಯಿಲೆ. ಸುಸ್ತು ಎಂದು ಬರುವ ಹುಡುಗಿಯರಿಗೆ ಲೆಕ್ಕವಿಲ್ಲ. ಅವರಿಗೆಲ್ಲ ಎದೆಯ ಮೇಲೆ ವಿಕಿರಣ ಹಾಯಿಸಿ, ರಕ್ತನಾಳಕ್ಕೆ ಬಣ್ಣದ ದ್ರಾವಣ ತುಂಬಿಸುವುದು ಯಾರಿಗೂ ಒಪ್ಪಿಗೆಯಾಗುವ ದಾರಿಯಲ್ಲ. ಸಾವಿರಾರು ಮಂದಿಯಲ್ಲಿ ಈ ಒಬ್ಬಳನ್ನು ಸ್ಕ್ಯಾನಿಗೆ ಕಳಿಸಬೇಕು ಎಂದು ಯಾರಾದರೂ ಮೊದಲು ಅನುಮಾನಪಡಬೇಕಲ್ಲ! ಆ ಅನುಮಾನ ಹುಟ್ಟುವ ಜಾಗ ಮಣಿಕಟ್ಟು. ನಿಮ್ಮ ತಂಗಿಯ ಎರಡು ವರ್ಷವನ್ನು ಕಳೆದದ್ದು ಸ್ಕ್ಯಾನಿನ ಕೊರತೆಯಲ್ಲ. ಆ ಅವಧಿಯಲ್ಲಿ ಯಾರೂ ಅವಳ ಎರಡೂ ಮಣಿಕಟ್ಟುಗಳನ್ನು ಒಟ್ಟಿಗೆ ಹಿಡಿದು ನೋಡಲಿಲ್ಲ ಎಂಬುದೇ ನನ್ನ ಬಲವಾದ ಗುಮಾನಿ.

ಈ ಕಾಯಿಲೆಯಲ್ಲಿ ನಡೆಯುವುದು ಇಷ್ಟು. ಹೃದಯದಿಂದ ಹೊರಡುವ ಮಹಾಧಮನಿ ಮತ್ತು ಅದರ ದೊಡ್ಡ ಕವಲುಗಳ ಗೋಡೆಯಲ್ಲಿ ಉರಿಯೂತ ಏಳುತ್ತದೆ. ಗೋಡೆ ದಪ್ಪವಾಗುತ್ತ, ಆಮೇಲೆ ಕಲೆಗಟ್ಟುತ್ತ ಒಳಗಿನ ದಾರಿಯನ್ನು ಕಿರಿದಾಗಿಸುತ್ತದೆ. ಮೊದಲ ಪೆಟ್ಟು ಬೀಳುವುದು ಬಹುಪಾಲು ಎಡಗೈಗೆ ರಕ್ತ ಒಯ್ಯುವ, ಎಡ ಕೊರಳೆಲುಬಿನ ಅಡಿಯಲ್ಲಿ ಹಾಯುವ ಧಮನಿಗೆ. ಇದೆಲ್ಲ ತಿಂಗಳು, ವರ್ಷಗಳ ಲೆಕ್ಕದಲ್ಲಿ ನಿಧಾನವಾಗಿ ನಡೆಯುವುದರಿಂದ ಅಕ್ಕಪಕ್ಕದ ಸಣ್ಣ ನಾಳಗಳು ಹಿಗ್ಗಿ, ಬಳಸುದಾರಿಯಲ್ಲಿ ಕೈಗೆ ರಕ್ತ ತಲುಪಿಸುತ್ತವೆ. ಹಾಗಾಗಿ ಕೈ ಕಪ್ಪಾಗುವುದಿಲ್ಲ, ಕೊಳೆಯುವುದಿಲ್ಲ, ನೋಡಲು ಎಲ್ಲರ ಕೈಯಂತೆಯೇ ಇರುತ್ತದೆ. ತಲೆ ಬಾಚಿಕೊಳ್ಳುವಾಗಲೋ ಬಟ್ಟೆ ಒಣಹಾಕುವಾಗಲೋ ಕೈಯನ್ನು ಮೇಲೆತ್ತಿ ಹಿಡಿದರೆ ಮಾತ್ರ ಅದು ಸೋತು ಬರುತ್ತದೆ, ಇಳಿಸಿದರೆ ಸುಧಾರಿಸಿಕೊಳ್ಳುತ್ತದೆ. ದೂರು ಇಷ್ಟು ಸಣ್ಣದಾಗಿ ಕಾಣುವುದರಿಂದಲೇ ಅದನ್ನು ತಳ್ಳಿಹಾಕುವುದೂ ಸುಲಭ.

ನೀವು ವ್ಯಾಮೋಹ ಎಂದಿರಿ. ಹಳೆಯ ದಾಖಲೆಗಳು ಹೇಳುವುದೇ ಬೇರೆ. 1856ರಲ್ಲಿ ಲಂಡನ್ನಿನ ವಿಲಿಯಂ ಸೇವರಿ ಎಂಬ ಶಸ್ತ್ರವೈದ್ಯ, ಎರಡೂ ಕೈಗಳ ಮತ್ತು ಕೊರಳಿನ ಎಡಬದಿಯ ಮುಖ್ಯ ಧಮನಿಗಳು ಸಂಪೂರ್ಣ ಮುಚ್ಚಿಹೋಗಿದ್ದ ತರುಣಿಯೊಬ್ಬಳ ವಿವರ ಬರೆದಿಟ್ಟ. ಆಗ ಎಕ್ಸ್‌ರೇ ಕೂಡ ಹುಟ್ಟಿರಲಿಲ್ಲ. 1908ರಲ್ಲಿ ಜಪಾನಿನ ಕಣ್ಣಿನ ವೈದ್ಯ ಮಿಕಿಟೊ ಟಕಯಾಸು, 21 ವರ್ಷದ ಹೆಣ್ಣುಮಗಳೊಬ್ಬಳ ಕಣ್ಣಿನ ಹಿಂಪದರದಲ್ಲಿ ರಕ್ತನಾಳಗಳು ದುಂಡಗೆ ಮಾಲೆಯಂತೆ ಹೆಣೆದುಕೊಂಡಿದ್ದನ್ನು ತನ್ನ ಸಹೋದ್ಯೋಗಿಗಳ ಸಭೆಯಲ್ಲಿ ವಿವರಿಸಿದ. ಅದೇ ಸಭೆಯಲ್ಲಿ ಒನಿಶಿ ಮತ್ತು ಕಗೋಶಿಮಾ ಎಂಬಿಬ್ಬರು ಎದ್ದುನಿಂತು, ಇಂಥದೇ ಕಣ್ಣಿನ ತಮ್ಮ ರೋಗಿಗಳಲ್ಲಿ ಮಣಿಕಟ್ಟಿನ ನಾಡಿಯೇ ಸಿಗುವುದಿಲ್ಲ ಎಂದರು. ಕಣ್ಣಿನ ವೈದ್ಯರಾಗಿದ್ದೂ ಅವರಿಗೆ ಕೈ ಹಿಡಿದು ನೋಡಬೇಕೆನಿಸಿತಲ್ಲ, ನನಗೆ ಅದು ದೊಡ್ಡದು. ಕಾಯಿಲೆಗೆ ಉಳಿದದ್ದು ಟಕಯಾಸುವಿನ ಹೆಸರು. ಕೈಗೂ ಕಣ್ಣಿಗೂ ಗಂಟು ಹಾಕಿದವರು ಅವರಿಬ್ಬರು.

ನಾನು ಇನ್ನೂ ವೈದ್ಯ ವೃತ್ತಿಯಲ್ಲಿದ್ದಾಗ ಕಂಡ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. 23 ವರ್ಷ. ಸಂಜೆಯ ಹೊತ್ತು ಸಣ್ಣ ಜ್ವರ, ಕೀಲುನೋವು, ತೂಕ ಇಳಿಕೆ ಎಂದು ಒಂದೂವರೆ ವರ್ಷ ಅಲೆದಿದ್ದಳು. ಕಬ್ಬಿಣದ ಮಾತ್ರೆ, ಜೀವಸತ್ವದ ಮಾತ್ರೆಗಳನ್ನು ನುಂಗಿದ್ದಳು. ಒಂದು ಆಸ್ಪತ್ರೆಯಲ್ಲಿ ಅವಳ ಎಡಗೈಗೆ ಬಿಪಿ ಪಟ್ಟಿ ಸುತ್ತಿದಾಗ ಯಂತ್ರ ಎರಡು ಸಲವೂ ‘ಎರರ್’ ಎಂದಿತು. ಸಿಬ್ಬಂದಿ ಬ್ಯಾಟರಿ ಹೋಗಿದೆ ಎಂದು ಬೈದುಕೊಂಡು ಪಟ್ಟಿಯನ್ನು ಬಲಗೈಗೆ ಸುತ್ತಿದರು, 118/70 ಬಂತು, ಚೀಟಿಯಲ್ಲಿ ‘ಬಿಪಿ ನಾರ್ಮಲ್’ ಎಂದು ಬರೆದರು. ಯಂತ್ರ ಆ ದಿನ ಹೇಳಿದ್ದು ಅಪ್ಪಟ ಸತ್ಯ. ಪಟ್ಟಿಯೊಳಗಿನ ಮಿಡಿತವನ್ನು ಹಿಡಿದು ಲೆಕ್ಕ ಹಾಕುವುದು ಅದರ ಕೆಲಸ. ಮಿಡಿತವೇ ಇಲ್ಲದ ಕೈಯಲ್ಲಿ ಅದು ಇನ್ನೇನು ತಾನೇ ಹೇಳೀತು?

ಕೆಲವು ತಿಂಗಳ ನಂತರ ತಲೆನೋವು, ಮಂಜುಗಣ್ಣು ಎಂದು ಅವಳು ನಮ್ಮ ಹಿರಿಯ ವೈದ್ಯರ ಮುಂದೆ ಕುಳಿತಾಗ ಅವರು ಕಾಗದಗಳ ಕಟ್ಟನ್ನು ಪಕ್ಕಕ್ಕಿಟ್ಟು, ಎರಡೂ ಮಣಿಕಟ್ಟುಗಳ ಮೇಲೆ ಮೂರು ಮೂರು ಬೆರಳಿಟ್ಟು ಸುಮ್ಮನೆ ಕುಳಿತರು. ಎಡಗಡೆ ಏನೂ ಇಲ್ಲ, ಬಲಗಡೆ ಎಳೆಯಷ್ಟು. ಕೊರಳೆಲುಬಿನ ಮೇಲಿನ ತಗ್ಗಿನಲ್ಲಿ ಸ್ಟೆತಾಸ್ಕೋಪ್ ಇಟ್ಟರೆ ಎರಡೂ ಕಡೆ, ಕಿರಿದಾದ ದಾರಿಯಲ್ಲಿ ರಕ್ತ ನುಗ್ಗುವ ಸುಂಯ್ ಎಂಬ ಸದ್ದು. ಆಮೇಲೆ ಅವಳನ್ನು ಬೋರಲು ಮಲಗಿಸಿ, ತೊಡೆಗೆ ಅಗಲವಾದ ಪಟ್ಟಿ ಸುತ್ತಿ, ಮಂಡಿಯ ಹಿಂದೆ ಕಿವಿಗೊಟ್ಟರು. ಮೇಲಿನ ಅಂಕಿ 196. ಮಲಗಿದವರ ಕಾಲಿನ ಒತ್ತಡ ಕೈಯದಕ್ಕಿಂತ ಹತ್ತಿಪ್ಪತ್ತು ಅಂಕಿ ಹೆಚ್ಚಿರುವುದು ಸಹಜ. ಅಷ್ಟನ್ನು ಕಳೆದರೂ ಅವಳ ಹೃದಯ ತಳ್ಳುತ್ತಿದ್ದುದು ಸುಮಾರು 180ರ ಎದುರು, ಚೀಟಿಯಲ್ಲಿದ್ದ 118ರ ಎದುರಲ್ಲ. ಬಲಗೈಯ ಧಮನಿಯೂ ಕಿರಿದಾಗಿದ್ದರಿಂದ ಆ ಕೈಗೆ ತಲುಪುವಷ್ಟರಲ್ಲಿ ಒತ್ತಡ ಇಳಿದು, ಎಲ್ಲ ಸರಿಯಿದೆ ಎಂಬಂಥ ಅಂಕಿ ಸಿಕ್ಕಿತ್ತು. ಎಕೋ ಮಾಡಿಸಿದಾಗ ಹೃದಯದ ಎಡಕೋಣೆಯ ಗೋಡೆ ದಪ್ಪಗಾಗಿತ್ತು. ಕಣ್ಣಿನ ಹಿಂಪದರದಲ್ಲಿ ಅಧಿಕ ಒತ್ತಡದ ಗುರುತುಗಳಿದ್ದವು. ಕೊನೆಗೆ ಆಂಜಿಯೋಗ್ರಾಮ್ ಕಾರಣವನ್ನು ತೋರಿಸಿತು: ಕೈಗಳ ಧಮನಿಗಳ ಜೊತೆಗೆ ಎಡ ಮೂತ್ರಪಿಂಡದ ಧಮನಿಯೂ ಕಿರಿದಾಗಿತ್ತು. ರಕ್ತ ಸಾಲದ ಮೂತ್ರಪಿಂಡ ಇಡೀ ದೇಹದ ಒತ್ತಡವನ್ನೇ ಏರಿಸುವ ರಾಸಾಯನಿಕವನ್ನು ಬಿಡುಗಡೆ ಮಾಡುತ್ತಿತ್ತು.

ಈಗ ನಿಮ್ಮ 116ಕ್ಕೆ ಬರೋಣ. ಕ್ಷೀಣವಾದ ನಾಡಿಯ ಕೈಯಲ್ಲಿ ಸಿಕ್ಕ 116ನ್ನು ನಂಬಿ ನೆಮ್ಮದಿಯಾಗಿರುವಂತಿಲ್ಲ. ಈ ಕಾಯಿಲೆಯಲ್ಲಿ ಕನಿಷ್ಠ ಒಂದು ಸಲವಾದರೂ ಎರಡೂ ಕೈ, ಎರಡೂ ಕಾಲುಗಳ ಒತ್ತಡವನ್ನು ಅಳೆದು, ಅತಿ ಹೆಚ್ಚು ಬಂದದ್ದನ್ನೇ ನಿಜಕ್ಕೆ ಹತ್ತಿರವೆಂದು ಹಿಡಿಯಬೇಕು. ಮುಂದಿನ ಎಲ್ಲ ಅಳತೆಗಳೂ ಅದೇ ಅಂಗದಲ್ಲಿ ಆಗಬೇಕು. ಇದಕ್ಕೂ ಒಂದು ಮಿತಿಯಿದೆ. ಹೊಟ್ಟೆಯ ಭಾಗದ ಮಹಾಧಮನಿಯೇ ಕಿರಿದಾಗಿದ್ದರೆ ಕಾಲಿನ ಅಂಕಿಯೂ ಇಳಿದಿರುತ್ತದೆ. ನಾಲ್ಕೂ ಅಂಗಗಳ ದಾರಿ ಕೆಟ್ಟಿದ್ದರೆ ಮಹಾಧಮನಿಯೊಳಕ್ಕೇ ಸಪೂರ ಕೊಳವೆ ಹಾಯಿಸಿ ಅಳೆಯದೆ ನಿಜ ತಿಳಿಯದು. ಹಾಗೆಂದು ಕಾಲಿನಲ್ಲಿ ಹೆಚ್ಚು ಬಂತೆಂದು ಗಾಬರಿಯಾಗಿ ನೀವೇ ಮಾತ್ರೆ ಏರಿಸಬೇಡಿ. ಮಿದುಳಿಗೆ ಹೋಗುವ ಕೊರಳಿನ ಧಮನಿಗಳೂ ಕಿರಿದಾಗಿದ್ದರೆ, ಒತ್ತಡವನ್ನು ಒಮ್ಮೆಲೇ ಇಳಿಸಿದಾಗ ತಲೆಸುತ್ತು, ಪ್ರಜ್ಞೆ ತಪ್ಪುವುದು, ಕೆಲವೊಮ್ಮೆ ಅದಕ್ಕಿಂತ ಕೆಟ್ಟದ್ದೂ ಆಗಬಹುದು.

ಅಂಕಿಗಳ ಮೋಹದ ಮಾತು ಬಂದದ್ದರಿಂದ ಇನ್ನೊಂದನ್ನೂ ಸೇರಿಸುತ್ತೇನೆ. ಉರಿಯೂತ ಎಷ್ಟಿದೆ ಎಂದು ತಿಳಿಯಲು ರಕ್ತದಲ್ಲಿ ಇಎಸ್‌ಆರ್, ಸಿಆರ್‌ಪಿ ನೋಡುತ್ತಾರೆ. ನೋಡಲೇಬೇಕು. ಆದರೆ ಅವೆರಡೂ ಸಹಜವಾಗಿದ್ದಾಗಲೂ ಧಮನಿಯ ಗೋಡೆಯಲ್ಲಿ ಉರಿಯೂತ ಮುಂದುವರಿದಿರುವುದನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ತುಣುಕುಗಳು ಮತ್ತೆ ಮತ್ತೆ ತೋರಿಸಿವೆ. ಇತ್ತ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಆರಂಭಿಸಿದ ಕೆಲವೇ ವಾರಗಳಲ್ಲಿ ಜ್ವರ ಇಳಿದು, ಹಸಿವು ಮರಳಿ, ವರದಿಗಳೂ ಚೆನ್ನಾಗಿ ಕಂಡಾಗ ಮನೆಯವರು ಮಾತ್ರೆ ನಿಲ್ಲಿಸಿಬಿಡುತ್ತಾರೆ. ಅದು ಅಪಾಯ. ಸ್ಟೀರಾಯ್ಡನ್ನು ತಿಂಗಳುಗಟ್ಟಲೆ ಹಂತಹಂತವಾಗಿ ಇಳಿಸುತ್ತ, ಜೊತೆಗೆ ಮೆಥೊಟ್ರೆಕ್ಸೇಟ್ ಅಥವಾ ಅಂಥ ಇನ್ನೊಂದು ಔಷಧವನ್ನು ವರ್ಷಗಟ್ಟಲೆ ಮುಂದುವರಿಸಬೇಕಾಗುತ್ತದೆ. ಹಾಗೆ ಮಾಡಿದರೂ ಇಳಿಸುವ ಹಂತದಲ್ಲಿ ಕಾಯಿಲೆ ಮರುಕಳಿಸುವುದು ಅಪರೂಪವಲ್ಲ. ಮೆಥೊಟ್ರೆಕ್ಸೇಟ್ ಗರ್ಭದ ಮಗುವಿಗೆ ಹಾನಿ ಮಾಡುವ ಔಷಧ, ಈ ಕಾಯಿಲೆ ಬರುವುದು ಹೆಚ್ಚಾಗಿ ಹೆರುವ ವಯಸ್ಸಿನ ಹೆಣ್ಣುಮಕ್ಕಳಿಗೆ. ಆದ್ದರಿಂದ ಮದುವೆ, ಮಗುವಿನ ವಿಚಾರವನ್ನು ನಿಮ್ಮ ತಂಗಿ ವೈದ್ಯರೊಡನೆ ಮೊದಲೇ ಬಿಚ್ಚಿ ಮಾತಾಡಲಿ. ಸ್ಟೆಂಟ್ ಹಾಕಿ ದಾರಿ ಬಿಡಿಸಿಬಿಡಿ ಎಂದು ಯಾರಾದರೂ ಅವಸರಿಸಿದರೆ, ಉರಿಯೂತ ತಣ್ಣಗಾಗಿದೆಯೇ ಎಂದು ಕೇಳಿ. ಕುದಿಯುತ್ತಿರುವ ಗೋಡೆಗೆ ಹಾಕಿದ ಸ್ಟೆಂಟ್ ಬೇಗ ಮುಚ್ಚಿಕೊಳ್ಳುತ್ತದೆ.

ನನ್ನ ಅಸಲು ಜಗಳ ಇರುವುದು ಆಸ್ಪತ್ರೆಯ ಚೀಟಿಯೊಂದಿಗೆ. ಅದರಲ್ಲಿ ಬಿಪಿಗೆ ಒಂದೇ ಒಂದು ಚೌಕ. ಯಾವ ಕೈ ಎಂದು ಬರೆಯಲು ಜಾಗವಿಲ್ಲ, ನಾಡಿಗೆ ನಿಮಿಷಕ್ಕೆ ಎಷ್ಟು ಬಡಿತ ಎಂಬ ಅಂಕಿಯ ಹೊರತು ಇನ್ನೇನೂ ಬೇಡ. ಆ ಬಡಿತವನ್ನೂ ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪೇ ಕೊಟ್ಟುಬಿಡುತ್ತದೆ. ಬಳಸುದಾರಿಯಿಂದ ಬಂದ ಸಣ್ಣ ಹರಿವಿಗೂ ಅದು ಸಲೀಸಾಗಿ 82 ಎಂದು ತೋರಿಸಬಲ್ಲುದು. ಮಣಿಕಟ್ಟಿನಲ್ಲಿ ನಾಡಿಯಿಲ್ಲ ಎಂಬುದು ಯಾರ ಗಮನಕ್ಕೂ ಬಾರದೆ ಉಳಿಯುತ್ತದೆ. ಐವತ್ತು ದಾಟಿದ ಗಂಡಸು ಕೈ ಸೋಲುತ್ತದೆ ಎಂದರೆ ತಕ್ಷಣ ಇಸಿಜಿ ತೆಗೆಯುತ್ತಾರೆ. ಇಪ್ಪತ್ತರ ಹುಡುಗಿ ಅದೇ ಮಾತು ಹೇಳಿದರೆ ಸರಿಯಾಗಿ ಊಟ ಮಾಡು, ರಾತ್ರಿ ಮೊಬೈಲ್ ನೋಡಬೇಡ ಎಂಬ ಬುದ್ಧಿವಾದ ಸಿಗುತ್ತದೆ. ಎಡಗೈ ಬಲಗೈಗಳ ನಡುವೆ ಮೇಲಿನ ಅಂಕಿಯಲ್ಲಿ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಅದನ್ನು ಈ ಕಾಯಿಲೆಯ ಸೂಚನೆಗಳಲ್ಲಿ ಒಂದೆಂದು ಪರಿಗಣಿಸಬೇಕೆಂದು 1990ರಲ್ಲೇ ಅಮೆರಿಕದ ಸಂಧಿವಾತ ತಜ್ಞರ ಸಂಘ ಬರೆದಿಟ್ಟಿತು. 2022ರ ಹೊಸ ಮಾನದಂಡದಲ್ಲಿ ಆ ವ್ಯತ್ಯಾಸವನ್ನು ಇಪ್ಪತ್ತಕ್ಕೆ ಏರಿಸಿದರು, ಸ್ಕ್ಯಾನಿನ ಸಾಕ್ಷ್ಯವನ್ನು ಕಡ್ಡಾಯ ಮಾಡಿದರು. ಇಲ್ಲಿ ನಿಮ್ಮ ಪಕ್ಷ ಗೆದ್ದಿತೆಂದು ಬೇಕಾದರೆ ಹೇಳಿಕೊಳ್ಳಿ. ಆದರೆ ಕೈಯ ನಾಡಿ ಕ್ಷೀಣವಾಗಿರುವುದಕ್ಕೆ, ಧಮನಿಯ ಮೇಲೆ ಕೇಳುವ ಸದ್ದಿಗೆ ಅಲ್ಲಿಯೂ ಎರಡೆರಡು ಅಂಕಗಳಿವೆ. ಬೆರಳು, ಕಿವಿ, ಒಂದು ಸ್ಟೆತಾಸ್ಕೋಪ್ ಬಿಟ್ಟರೆ ಆ ಅಂಕ ಗಳಿಸಲು ಬೇರೆ ಉಪಕರಣ ಬೇಕಿಲ್ಲ.

ಮುಂದಿನ ಭೇಟಿಯಲ್ಲಿ ನಿಮ್ಮ ತಂಗಿಯ ವೈದ್ಯರಿಗೆ ಎರಡು ಮನವಿ ಮಾಡಿ: ಕಾಲಿನಲ್ಲೂ ಬಿಪಿ ಅಳೆಯಿರಿ, ಯಾವ ಅಂಗದ ಅಂಕಿಯನ್ನು ನಂಬಬೇಕೆಂದು ಕಡತದ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದುಕೊಡಿ. ಮುಂದೆ ಹಲ್ಲು ಕೀಳಿಸಲೋ ಹೆರಿಗೆಗೋ ಬೇರೆ ಆಸ್ಪತ್ರೆಗೆ ಹೋದರೆ ಆ ಪುಟವನ್ನೇ ಮೊದಲು ಮುಂದಿಡಿ. ಇಲ್ಲದಿದ್ದರೆ ಅಲ್ಲಿಯೂ ಯಾರೋ ಒಬ್ಬರು ಅವಳ ಬಲಗೈಗೇ ಪಟ್ಟಿ ಸುತ್ತುತ್ತಾರೆ.

— ಸಂ.